ಮಳೆಗಾಲದ ಮೆನುಗೆ ರೀಲ್: ಯಾವ ಹುಕ್, ಯಾವ ಕ್ಯಾಪ್ಶನ್?

ಜೂನ್ ಬಂತೆಂದರೆ ಮಡಿಕೇರಿಯ ಹೋಟೆಲ್‌ನವರಿಂದ ನನಗೆ ಫೋನ್ ಶುರುವಾಗುತ್ತದೆ. ವಿಷಯ ಒಂದೇ. 'ಮಳೆಗಾಲದ ಸ್ಪೆಷಲ್ ಮಾಡಿದ್ದೇವೆ, ಒಂದು ರೀಲ್ ಹಾಕಬೇಕು, ಚೆನ್ನಾಗಿ ನಾಲ್ಕು ಸಾಲು ಬರೆದುಕೊಡಿ.' ನಾಲ್ಕು ಸಾಲು ಬರೆಯೋದು ಕಷ್ಟವಲ್ಲ. ಯಾವ ನಾಲ್ಕು ಸಾಲು ಅನ್ನೋದೇ ಕಷ್ಟ.

ಹುಕ್ ಅಂದರೆ ವಿಡಿಯೋದ ಮೊದಲ ಎರಡು, ಮೂರು ಸೆಕೆಂಡು. ಬೆರಳಿನಿಂದ ತಳ್ಳಿ ಮುಂದೆ ಹೋಗುವವರನ್ನು ಅದು ನಿಲ್ಲಿಸಬೇಕು. ಕ್ಯಾಪ್ಶನ್ ಅಂದರೆ ಕೆಳಗೆ ಬರೆಯುವ ಮಾತು. ನಿಂತವರನ್ನು ಹೋಟೆಲ್ ಬಾಗಿಲಿಗೆ ಕರೆತರುವುದು ಅದರ ಕೆಲಸ. ಹೆಚ್ಚಿನವರು ಎರಡರಲ್ಲೂ ಒಂದೇ ಮಾತು ಬರೆಯುತ್ತಾರೆ. ಆಗ ಎರಡೂ ಅರ್ಧರ್ಧ ಕೆಲಸ ಮಾಡುತ್ತವೆ.

ಸುಮ್ನೆ ಹುಕ್‌ಗಳ ಪಟ್ಟಿ ಕೊಟ್ಟರೆ ಪ್ರಯೋಜನ ಇಲ್ಲ. ಒಂದೇ ತಿನಿಸು ತೆಗೆದುಕೊಂಡು ನಾಲ್ಕು ಥರ ಬರೆದು ನೋಡೋಣ. ತಿನಿಸು ಬೈಂಬಳೆ ಕರಿ, ಅಂದರೆ ಎಳೆ ಬಿದಿರಿನ ಕರಿ, ಜೊತೆಗೆ ಅಕ್ಕಿ ರೊಟ್ಟಿ. ಹೋಟೆಲ್ ಮಡಿಕೇರಿ ಪೇಟೆಯಿಂದ ಸ್ವಲ್ಪ ಹೊರಗೆ, ಎಂಟು ಟೇಬಲ್, ಅಡುಗೆ ಒಬ್ಬ ಅಕ್ಕನದು. ವಿಡಿಯೋ 24 ಸೆಕೆಂಡಿನದು.

ಮಳೆಯನ್ನೇ ತೋರಿಸುವ ಹುಕ್

ಎಲ್ಲರಿಗೂ ಮೊದಲು ಹೊಳೆಯುವುದು ಇದು. ಕಿಟಕಿಯ ಗಾಜಿನ ಮೇಲೆ ಹನಿ, ಆಚೆ ಮಂಜು, ಪರದೆಯ ಮೇಲೆ 'ಮಳೆ, ಮಂಜು, ಬಿಸಿ ಬಿಸಿ ಊಟ'. ನೋಡೋಕೆ ಚಂದ. ಆದರೆ ಜುಲೈ ತಿಂಗಳಲ್ಲಿ ಕೊಡಗಿನ ಹೋಂಸ್ಟೇ, ಕಾಫಿ ಅಂಗಡಿ, ಟ್ಯಾಕ್ಸಿಯವರು ಎಲ್ಲರೂ ಹಾಕುವುದು ಇದೇ ಮಂಜು. ನಿಮ್ಮ ಹೋಟೆಲ್‌ಗೆ ಮಾತ್ರ ಸೇರಿದ್ದು ಅದರಲ್ಲಿ ಏನೂ ಇಲ್ಲ.

ನಾನೇ ಒಮ್ಮೆ ಹೀಗೆ ಬರೆದು ಪಾಠ ಕಲಿತಿದ್ದೇನೆ. ವಿಡಿಯೋ ಚೆನ್ನಾಗಿಯೇ ಓಡಿತು. ಕಾಮೆಂಟ್ ತೆರೆದರೆ ಎಲ್ಲರ ಪ್ರಶ್ನೆಯೂ ಒಂದೇ: 'ಇದು ಯಾವ ವ್ಯೂ ಪಾಯಿಂಟ್?' ಊಟದ ಬಗ್ಗೆ ಒಬ್ಬರೂ ಕೇಳಲಿಲ್ಲ. ಹೋಟೆಲ್ ಮಾಲೀಕರು ನಗುತ್ತಾ, 'ಗುಡ್ಡ ನಮ್ಮದಲ್ಲ, ಅದಕ್ಕೆ ಬಿಲ್ ಹಾಕೋಕೆ ಆಗಲ್ಲ' ಅಂದರು. ನಕ್ಕರು ನಿಜ, ಆದರೆ ದುಡ್ಡು ಕೊಟ್ಟವರು ಅವರು.

ಹೋಟೆಲ್‌ಗೆ ಒಳ್ಳೆಯ ವರಾಂಡವಿದ್ದು, ಮಾರುವುದು ಊಟಕ್ಕಿಂತ ಜಾಸ್ತಿ ಆ ಜಾಗವನ್ನೇ ಆದರೆ ಈ ಹುಕ್ ಸರಿ. ಇಲ್ಲದಿದ್ದರೆ ಮಳೆಯನ್ನು ವಿಡಿಯೋದ ಕೊನೆಗೆ ಇಡಿ. ತಟ್ಟೆಯ ಹಿಂದೆ ಮಳೆ ಬೀಳಲಿ. ಮಳೆಯ ಸದ್ದು ಮಾತ್ರ ಮೊದಲಿನಿಂದಲೇ ಇರಲಿ.

ಪಟ್ಟಿಯ ಹುಕ್

'ಮಳೆಗಾಲದಲ್ಲಿ ಕೊಡಗಿನಲ್ಲಿ ತಿನ್ನಲೇಬೇಕಾದ ಐದು ತಿನಿಸು.' ಬೈಂಬಳೆ, ಕುಮ್ಮು, ಮರಕೆಸದ ಪತ್ರೊಡೆ, ಏಡಿ ಕರಿ, ಮದ್ದು ಪಾಯಸ. ಜನ ಇದನ್ನು ಸೇವ್ ಮಾಡಿಕೊಳ್ಳುತ್ತಾರೆ, ಗೆಳೆಯರಿಗೆ ಕಳಿಸುತ್ತಾರೆ. ಊರು ಸುತ್ತಿ ವಿಡಿಯೋ ಮಾಡುವವರಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಒಂದು ಹೋಟೆಲ್‌ಗೆ? 24 ಸೆಕೆಂಡಿನಲ್ಲಿ ಐದು ತಿನಿಸು ಅಂದರೆ ಒಂದಕ್ಕೆ ಐದು ಸೆಕೆಂಡೂ ಸಿಗುವುದಿಲ್ಲ. ಯಾವುದೂ ನೆನಪಲ್ಲಿ ಉಳಿಯುವುದಿಲ್ಲ. ಇನ್ನೊಂದು ತೊಂದರೆ ಇದೆ. ಐದೂ ಒಂದೇ ದಿನ ಅಡುಗೆಮನೆಯಲ್ಲಿ ಇರುವುದಿಲ್ಲ. ಕುಮ್ಮು ಅಂದರೆ ಅಣಬೆ. ಅದು ಏಳುವುದು ಮಳೆ, ಗುಡುಗು ನೋಡಿಕೊಂಡು, ನಮ್ಮ ಮೆನು ನೋಡಿಕೊಂಡಲ್ಲ. ಪಟ್ಟಿ ನೋಡಿ ಬಂದವರಿಗೆ ಮೂರಕ್ಕೆ 'ಇವತ್ತು ಇಲ್ಲ' ಅನ್ನಬೇಕಾಗುತ್ತದೆ.

ಕೆಲಸ ತೋರಿಸುವ ಹುಕ್

ನನ್ನ ಆಯ್ಕೆ ಇದು. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬೈಂಬಳೆ ಅಂದರೆ ಎಳೆ ಬಿದಿರಿನ ಮೊಳಕೆ. ಮಳೆ ಹಿಡಿದ ಮೇಲೆ ನೆಲದಿಂದ ಏಳುತ್ತದೆ. ಹಸಿಯಾಗಿ ತಿನ್ನುವ ಹಾಗಿಲ್ಲ. ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ, ಕಹಿಯೂ ಇದೆ. ಅದಕ್ಕೇ ಮೇಲಿನ ಸಿಪ್ಪೆ ಬಿಡಿಸಿ, ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ನೆನೆಸುತ್ತಾರೆ. ದಿನಾ ನೀರು ಬದಲಿಸುತ್ತಾರೆ. ಆಮೇಲೆ ಬೇಯಿಸಿ, ಆ ನೀರನ್ನೂ ಚೆಲ್ಲಿ, ಮಸಾಲೆಗೆ ಹಾಕುತ್ತಾರೆ. ಅಂದರೆ ಗಿರಾಕಿ ಶನಿವಾರ ತಿನ್ನುವ ಕರಿಯ ಕೆಲಸ ಬುಧವಾರವೇ ಶುರುವಾಗಿರುತ್ತದೆ.

ಹುಕ್ ಅಲ್ಲೇ ಇದೆ, ನಾವು ಹುಟ್ಟಿಸಬೇಕಾಗಿಲ್ಲ. 'ಈ ಕರಿ ಒಲೆಗೆ ಹೋಗೋಕೆ ಇನ್ನೂ ಮೂರು ದಿನ.' ಇದನ್ನು ಓದಿದವರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಯಾಕೆ? ಉತ್ತರ ವಿಡಿಯೋದಲ್ಲೇ ಇದೆ. 'ಇದನ್ನು ನೋಡಿದರೆ ಬೆಚ್ಚಿ ಬೀಳ್ತೀರಿ' ಅನ್ನುವ ಥರದ ಹುಕ್ ಕೂಡ ಪ್ರಶ್ನೆ ಎಬ್ಬಿಸುತ್ತದೆ, ಆದರೆ ಉತ್ತರ ಕೊಡುವುದಿಲ್ಲ. ಒಮ್ಮೆ ಮೋಸ ಹೋದವರು ಆ ಹೋಟೆಲ್ಲಿನ ಮುಂದಿನ ವಿಡಿಯೋಗೆ ನಿಲ್ಲುವುದಿಲ್ಲ.

ಹುಕ್‌ನಲ್ಲಿ ಮೂರು ಎಳೆ ಇವೆ: ಚಿತ್ರ, ಪರದೆಯ ಮೇಲಿನ ಅಕ್ಷರ, ಸದ್ದು. ಮೂರೂ ಒಂದೇ ಮಾತು ಹೇಳಿದರೆ ಸಪ್ಪೆ. ಚಿತ್ರದಲ್ಲಿ ಬೈಂಬಳೆ ಹೆಚ್ಚುವುದು ಕಾಣುತ್ತಿರುವಾಗ ಅಕ್ಷರದಲ್ಲೂ 'ಬೈಂಬಳೆ ಹೆಚ್ಚುತ್ತಿದ್ದೇವೆ' ಅಂದರೆ ಏನು ಬಂತು? ಚಿತ್ರದಲ್ಲಿ ಕತ್ತಿ ಆಡಲಿ, ಅಕ್ಷರದಲ್ಲಿ ಮೂರು ದಿನದ ಮಾತಿರಲಿ, ಕಿವಿಗೆ ಕತ್ತಿಯ ಟಕಟಕ ಮತ್ತು ಶೀಟಿನ ಮೇಲೆ ಬೀಳುವ ಮಳೆ. ಹಿಂದೆ ಸಿನಿಮಾ ಹಾಡು ಬೇಡ. ಬಿಸಿನೆಸ್ ಖಾತೆಗೆ ಇನ್‌ಸ್ಟಾಗ್ರಾಂ ಎಲ್ಲ ಹಾಡುಗಳನ್ನೂ ಕೊಡುವುದಿಲ್ಲ, ಬೇರೆ ಕಡೆಯಿಂದ ತಂದು ಅಂಟಿಸಿದರೆ ಸದ್ದೇ ತೆಗೆದುಹಾಕಬಹುದು. ಕೊಡಗಿನ ಮಳೆಗಂತೂ ಯಾರ ಅಪ್ಪಣೆಯೂ ಬೇಡ.

ಒಂದು ಎಚ್ಚರ. ನೆನೆಸಿದ ಬೈಂಬಳೆಯನ್ನು ಸಂತೆಯಿಂದ ತಂದು ನೇರ ಕರಿ ಮಾಡುವ ಹೋಟೆಲ್‌ಗಳೂ ಇವೆ. ತಪ್ಪೇನಿಲ್ಲ. ಆದರೆ ಅಂಥವರು ಮೂರು ದಿನದ ಹುಕ್ ಹಾಕಬಾರದು. ಊರವರಿಗೆ ಗೊತ್ತಿರುತ್ತದೆ, ಕಾಮೆಂಟಿನಲ್ಲೇ ಹೇಳಿಬಿಡುತ್ತಾರೆ. ಅಂಥ ಕಡೆ ಅಕ್ಕಿ ರೊಟ್ಟಿಯನ್ನು ಹುಕ್ ಮಾಡಿ. ಕೆಂಡದ ಮೇಲೆ ರೊಟ್ಟಿ ಉಬ್ಬುವ ಹೊತ್ತು ಅಕ್ಷರವೇ ಇಲ್ಲದೆ ಜನರನ್ನು ನಿಲ್ಲಿಸುತ್ತದೆ.

ಗಡುವಿನ ಹುಕ್

'ವರ್ಷಕ್ಕೆ ಒಂದೇ ದಿನ.' ಇದನ್ನು ನಿಜವಾಗಿ ಹೇಳಬಹುದಾದ ತಿನಿಸು ನಮ್ಮಲ್ಲಿ ಒಂದಿದೆ, ಮದ್ದು ಪಾಯಸ. ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರಂದು, ಮದ್ದು ಸೊಪ್ಪಿನ ಘಮ ಮತ್ತು ಬಣ್ಣ ಜೋರಾಗಿರುತ್ತದೆ ಅನ್ನುವುದು ಕೊಡಗಿನ ನಂಬಿಕೆ. ಸೊಪ್ಪು ಕುದಿಸಿದ ನೀರು ನೇರಳೆಯಾಗುತ್ತದೆ, ಅದರಲ್ಲಿ ಬೆಂದ ಅಕ್ಕಿಯೂ ನೇರಳೆ. ಬಿಳಿ ಪಾತ್ರೆಗೆ ಆ ನೀರು ಸುರಿಯುವ ಒಂದು ಶಾಟ್ ಸಾಕು.

ಇಲ್ಲಿ ಕ್ಯಾಪ್ಶನ್ ಬರೆಯುವವರು ಜಾರುವ ಜಾಗ ಒಂದಿದೆ. ಆ ದಿನ ಸೊಪ್ಪಿನಲ್ಲಿ 18 ಔಷಧ ಸೇರಿರುತ್ತವೆ ಅಂತ ಮನೆಮನೆಯಲ್ಲಿ ಹೇಳುತ್ತಾರೆ. 'ಹದಿನೆಂಟು ಔಷಧ ಅಂತ ಹಿರಿಯರು ಹೇಳುವ ಸೊಪ್ಪು' ಅಂತ ಬರೆಯಿರಿ, ತೊಂದರೆಯಿಲ್ಲ. 'ಸಂಧಿವಾತ ಗುಣವಾಗುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ' ಅಂತ ಬರೆದರೆ ಅದು ಜಾಹೀರಾತಿನಲ್ಲಿ ರೋಗದ ಹೆಸರು ಹೇಳಿ ಊಟ ಮಾರಿದ ಹಾಗೆ. 2018ರ ಆಹಾರ ಜಾಹೀರಾತು ನಿಯಮಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಇನ್ನೊಂದು ಮಾತು ಹೊರಗಿನವರಿಗೆ ಮುಂಚೆಯೇ ಹೇಳಿಬಿಡಿ: ತಿಂದ ಮೇಲೆ ಮೂತ್ರದ ಬಣ್ಣ ಕೆಂಪಾಗುತ್ತದೆ. ಗೊತ್ತಿಲ್ಲದವರು ಹೆದರಿ ಆಸ್ಪತ್ರೆಗೆ ಓಡುವುದು ಬೇಡ. ಇದನ್ನು ಹುಕ್‌ನಲ್ಲಿ ಹಾಕಬೇಡಿ, ಊಟದ ವಿಡಿಯೋ ಅದು. ಕ್ಯಾಪ್ಶನ್‌ನ ಕೊನೆಗೆ ಒಂದು ಸಾಲು ಸಾಕು.

ಬೈಂಬಳೆಗೆ ಈ ಗಡುವಿನ ಹುಕ್ ಹೊಂದುವುದಿಲ್ಲ. ಅದು ವಾರಗಟ್ಟಲೆ ಸಿಗುತ್ತದೆ. 'ಇವತ್ತೇ ಕೊನೆ' ಅಂತ ಹೇಳಿ ನಾಳೆಯೂ ಬಡಿಸಿದರೆ ಊರಲ್ಲಿ ಮಾತಾಗುತ್ತದೆ.

ಬೆಲೆಯ ಹುಕ್ ಬಗ್ಗೆ ಒಂದೇ ಮಾತು. ಊರವರಿಗೆ ಅದು ಕೆಲಸ ಮಾಡುತ್ತದೆ, ಯಾಕೆಂದರೆ ಬೈಂಬಳೆ ಏನು ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ. ಎಷ್ಟು, ಯಾವಾಗ ಅಂದರೆ ಸಾಕು. ಆ ವಿಡಿಯೋವನ್ನು ರೀಲ್ ಬದಲು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ.

ಹಾಗಾದರೆ ಯಾವುದು?

ನಾನು ಮಾಲೀಕರಿಗೆ ಕೇಳುವ ಪ್ರಶ್ನೆ ಒಂದೇ. ಖಾಲಿ ಇರುವ ಟೇಬಲ್ ಯಾವ ದಿನದ್ದು? ವಾರದ ದಿನ ಖಾಲಿ ಅಂದರೆ ಬೇಕಾದವರು ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ಕಡೆಯವರು. ಅವರಿಗೆ ಬೆಲೆ, ದಿನ, ತಟ್ಟೆಯ ಚಿತ್ರ. ವಾರಾಂತ್ಯ ತುಂಬಬೇಕು ಅಂದರೆ ಮೈಸೂರು, ಬೆಂಗಳೂರಿನವರು. ಅವರಿಗೆ ಕೆಲಸ ತೋರಿಸುವ ಹುಕ್. ನಮ್ಮ ಎಂಟು ಟೇಬಲ್ಲಿನ ಹೋಟೆಲ್‌ನವರು ವಾರಾಂತ್ಯ ಅಂದರು. ಹಾಗಾಗಿ ಮೂರು ದಿನದ ಹುಕ್ ಗೆದ್ದಿತು.

ವಿಡಿಯೋ ಹೀಗೆ ಬಂತು. ಮೊದಲ ಎರಡು ಸೆಕೆಂಡು ಕತ್ತಿ ಮತ್ತು ಆ ಸಾಲು. ಆಮೇಲೆ ಐದು ಸೆಕೆಂಡು ಅದೇ ಪಾತ್ರೆ, ಅದೇ ಜಾಗ, ಮೂರು ಬೇರೆ ದಿನ, ನೀರು ಬದಲಿಸುವುದು. ಆಮೇಲೆ ಬೆಂದ ಬೈಂಬಳೆ, ತೆಂಗಿನಕಾಯಿ ಮಸಾಲೆ, ಸಾಸಿವೆ ಸಿಡಿಯುವುದು. 13ನೇ ಸೆಕೆಂಡಿಗೆ ರೊಟ್ಟಿ ಉಬ್ಬುತ್ತದೆ, ಮೇಲೆ ತುಪ್ಪ. ಕೊನೆಯ ಆರು ಸೆಕೆಂಡು ಕಿಟಕಿ ಪಕ್ಕದ ತಟ್ಟೆ, ಹಿಂದೆ ಮಳೆ. ಮಂಜಿಗೂ ಜಾಗ ಸಿಕ್ಕಿತು, ಅಲ್ವಾ?

ಅಡುಗೆಯ ಅಕ್ಕ ಮೊದಲು ಒಪ್ಪಲಿಲ್ಲ. 'ನೀರು ಚೆಲ್ಲೋದನ್ನೆಲ್ಲ ಯಾರು ನೋಡ್ತಾರೆ? ಕರಿ ತೋರಿಸಿ' ಅಂದರು. ನಾನು, 'ಅಕ್ಕ, ಕರಿ ಎಲ್ಲರೂ ತೋರಿಸ್ತಾರೆ. ನೀವು ಮೂರು ದಿನ ಕಾದಿದ್ದನ್ನು ಯಾರೂ ತೋರಿಸಿಲ್ಲ' ಅಂದೆ. ಆಮೇಲೆ ಮೂರೂ ದಿನ ಅವರೇ ನೆನಪಿಟ್ಟು ಫೋನ್ ಮಾಡಿ ಕರೆದರು.

ಪರದೆಯ ಅಕ್ಷರದ ಬಗ್ಗೆ ಎರಡು ಮಾತು. ಎರಡು ಸೆಕೆಂಡಿನಲ್ಲಿ ಐದಾರು ಪದಕ್ಕಿಂತ ಜಾಸ್ತಿ ಓದೋಕೆ ಆಗುವುದಿಲ್ಲ. ಫೋನ್ ದೂರ ಹಿಡಿದು ನೀವೇ ಓದಿ ನೋಡಿ. ಇನ್ನೊಂದು, ಎಡಿಟಿಂಗ್ ಆ್ಯಪ್‌ಗಳ ಕೆಲವು ಫಾಂಟ್‌ಗಳಲ್ಲಿ ಕನ್ನಡದ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. 'ರೊಟ್ಟಿ', 'ಪುಟ್ಟು' ಬರೆದು ಪರೀಕ್ಷಿಸಿ. ಎರಡು ಸಾಲಿನ ನಡುವೆ ಜಾಗ ಬಿಡಿ. ಪರದೆಯ ತೀರಾ ಕೆಳಗೆ, ಬಲಗಡೆ ಅಂಚಿಗೆ ಅಕ್ಷರ ಇಡಬೇಡಿ. ಅಲ್ಲಿ ಖಾತೆಯ ಹೆಸರು, ಲೈಕ್ ಗುರುತುಗಳು ಬಂದು ಕೂರುತ್ತವೆ.

ಕ್ಯಾಪ್ಶನ್: ಚಿಕ್ಕದೋ ದೊಡ್ಡದೋ

ಇನ್‌ಸ್ಟಾಗ್ರಾಂನಲ್ಲಿ 2,200 ಅಕ್ಷರ ಬರೆಯಬಹುದು. ಆದರೆ ರೀಲ್ ಕೆಳಗೆ ಕಾಣುವುದು ಮೊದಲ ಸಾಲಿನ ಒಂದು ಚೂರು ಮಾತ್ರ. ಉಳಿದದ್ದು ಒತ್ತಿದರೆ ತೆರೆಯುತ್ತದೆ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಶೀರ್ಷಿಕೆಗೆ 100 ಅಕ್ಷರದ ಮಿತಿ ಇದೆ, ಓದುವುದೂ ಅದನ್ನೇ. ಹಾಗಾಗಿ ಚಿಕ್ಕದಾ ದೊಡ್ಡದಾ ಅನ್ನುವ ಜಗಳಕ್ಕಿಂತ ಮೊದಲ ಸಾಲಿನಲ್ಲಿ ಏನು ಅನ್ನುವುದೇ ಮುಖ್ಯ.

ನಾನು ನೋಡಿದ ಕ್ಯಾಪ್ಶನ್‌ಗಳು ಮೂರು ಥರ. ಒಂದು, ಒಂದೇ ಸಾಲಿನದು: 'ಮಳೆಗೆ ಇನ್ನೇನು ಬೇಕು?' ಇದಕ್ಕೆ ಹೃದಯದ ಗುರುತು ಬರುತ್ತದೆ, ಗಿರಾಕಿ ಬರುವುದಿಲ್ಲ. ಎರಡನೆಯದು ಕತೆ: 'ನಮ್ಮ ಅಜ್ಜಿ ಕಕ್ಕಡದ ಮಳೆಯಲ್ಲಿ...' ಅಂತ ಶುರುವಾಗಿ ಹದಿನೈದು ಸಾಲು. ಅಜ್ಜಿ ನಿಜವಾಗಿದ್ದರೆ ಚೆನ್ನಾಗಿರುತ್ತದೆ. ಈಗ ಪ್ರತಿ ಹೋಟೆಲ್‌ಗೂ ಒಬ್ಬ ಅಜ್ಜಿ ಸಿಕ್ಕಿದ್ದಾರೆ, ಅದೇ ತೊಂದರೆ. ಮೂರನೆಯದು ವಿವರ: ಏನು, ಯಾವಾಗ, ಎಲ್ಲಿ, ಎಷ್ಟು ಹೊತ್ತಿನವರೆಗೆ. ಹುಕ್ ಆಗಲೇ ಆಸೆ ಹುಟ್ಟಿಸಿದೆ ಅಂದ ಮೇಲೆ ಕ್ಯಾಪ್ಶನ್ ಮತ್ತೆ ಆಸೆ ಹುಟ್ಟಿಸಬೇಕಾಗಿಲ್ಲ. ನಾನು ಮೂರನೆಯದರ ಕಡೆ.

ನಮ್ಮ ವಿಡಿಯೋಗೆ ಹಾಕಿದ್ದು ಇದು:

'ಬೈಂಬಳೆ ಕರಿ, ಅಕ್ಕಿ ರೊಟ್ಟಿ. ಶುಕ್ರ, ಶನಿ, ಭಾನು ಮಾತ್ರ.

ಕೆಲವರ ಊರಲ್ಲಿ ಕಣಿಲೆ, ಕೆಲವರ ಊರಲ್ಲಿ ಕಳಲೆ. ಎಳೆ ಬಿದಿರು. ಹೆಚ್ಚಿ, ಮೂರು ದಿನ ನೀರು ಬದಲಿಸಿ, ಆಮೇಲೇ ಒಲೆಗೆ.

ದಿನಕ್ಕೆ ಒಂದೇ ಪಾತ್ರೆ ಮಾಡ್ತೇವೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು.

ದೂರದಿಂದ ಬರುವವರು ಹಿಂದಿನ ದಿನವೇ ಫೋನ್ ಮಾಡಿ. ಕರಿ ಇದೆಯಾ, ದಾರಿ ಸರಿ ಇದೆಯಾ, ಎರಡೂ ಹೇಳ್ತೇವೆ. ನಂಬರ್ ಪ್ರೊಫೈಲ್‌ನಲ್ಲಿದೆ.'

ಮೂರು ಹೆಸರು ಹಾಕಿದ್ದಕ್ಕೆ ಕಾರಣ ಇದೆ. ಕೊಡವರಿಗೆ ಅದು ಬೈಂಬಳೆ, ದಕ್ಷಿಣ ಕನ್ನಡದವರಿಗೆ ಕಣಿಲೆ, ಮಲೆನಾಡಿನವರಿಗೆ ಕಳಲೆ. ಯಾರು ಯಾವ ಹೆಸರಲ್ಲಿ ಹುಡುಕುತ್ತಾರೋ ಹೇಳೋಕೆ ಆಗಲ್ಲ. ಪರದೆಯ ಮೇಲೆ ಮಾತ್ರ ಬೈಂಬಳೆ ಒಂದೇ ಇರಲಿ, ಅದು ಇಲ್ಲಿನ ಹೆಸರು. ಹ್ಯಾಶ್‌ಟ್ಯಾಗ್ ಮೂರು ನಾಲ್ಕು ಸಾಕು: #ಬೈಂಬಳೆ #ಕೊಡಗು #Madikeri #Coorg. ಕೊನೆಯದು ನಮಗೆ ಇಷ್ಟವಿರಲಿ ಬಿಡಲಿ, ಹೊರಗಿನವರು ಟೈಪ್ ಮಾಡುವುದು ಅದನ್ನೇ.

'ಕರಿ ಇದೆಯಾ, ದಾರಿ ಸರಿ ಇದೆಯಾ' ಅನ್ನುವ ಸಾಲು ಮೊದಲ ವರ್ಷ ಇರಲಿಲ್ಲ. ಒಂದು ಭಾನುವಾರ ಬೆಂಗಳೂರಿನ ಒಂದು ಕುಟುಂಬ ಮಳೆಯಲ್ಲೇ ಬಂದು ತಲುಪುವಷ್ಟರಲ್ಲಿ ಕರಿ ಮುಗಿದಿತ್ತು. ಅವರು ಹಾಕಿದ ರಿವ್ಯೂ ಇವತ್ತಿಗೂ ಇದೆ. ಮಣ್ಣು ಕುಸಿಯುವ, ಮರ ಬೀಳುವ ತಿಂಗಳುಗಳಲ್ಲಿ ಜನರನ್ನು ಕರೆಯುತ್ತಿದ್ದೇವೆ ಅನ್ನುವುದು ಕ್ಯಾಪ್ಶನ್‌ಗೆ ಗೊತ್ತಿರಬೇಕು. ಕ್ಯಾಪ್ಶನ್‌ನಲ್ಲಿ ಲಿಂಕ್ ಹಾಕುವುದು ದಂಡ, ಇನ್‌ಸ್ಟಾಗ್ರಾಂನಲ್ಲಿ ಅದು ಒತ್ತಿದರೆ ತೆರೆಯುವುದಿಲ್ಲ. ಪ್ರೊಫೈಲ್‌ನಲ್ಲಿ ಫೋನ್ ಬಟನ್ ಇಡಿ.

ಯಾವುದು ಸೋತಿತು ಅಂತ ತಿಳಿಯುವುದು

ಎರಡು ಹುಕ್‌ಗಳ ನಡುವೆ ಮನಸ್ಸು ಹೊಯ್ದಾಡಿದರೆ, ಮೊದಲ ಎರಡು ಸೆಕೆಂಡು ಮಾತ್ರ ಬದಲಿಸಿ ಎರಡು ಪ್ರತಿ ಮಾಡಿ. ಟ್ರಯಲ್ ರೀಲ್ ಸೌಲಭ್ಯ ನಿಮ್ಮ ಖಾತೆಯಲ್ಲಿದ್ದರೆ ಮೊದಲು ಅಲ್ಲಿ ಹಾಕಿ. ಅದು ನಿಮ್ಮನ್ನು ಫಾಲೋ ಮಾಡದವರಿಗೆ ಕಾಣುತ್ತದೆ. ಅಣ್ಣ ತಮ್ಮಂದಿರ ಲೈಕ್ ಅಲ್ಲಿ ಸೇರುವುದಿಲ್ಲ.

ಆಮೇಲೆ ಇನ್‌ಸೈಟ್ಸ್‌ನಲ್ಲಿ ಜನ ಎಲ್ಲಿ ಬಿಟ್ಟುಹೋದರು ಅನ್ನುವ ಗೆರೆ ನೋಡಿ. ಮೂರನೇ ಸೆಕೆಂಡಿನ ಒಳಗೇ ಗೆರೆ ಬಿದ್ದರೆ ತಪ್ಪು ಹುಕ್‌ನದು. ಆರು ಏಳನೇ ಸೆಕೆಂಡಿನಲ್ಲಿ ಬಿದ್ದರೆ ಹುಕ್ ಕೇಳಿಸಿದ ಪ್ರಶ್ನೆಗೆ ಉತ್ತರ ತಡವಾಗಿದೆ. ನಮ್ಮದರಲ್ಲಿ ನೀರು ಬದಲಿಸುವ ಭಾಗ ಮೊದಲು ಒಂಬತ್ತು ಸೆಕೆಂಡಿತ್ತು. ಗೆರೆ ಅಲ್ಲೇ ಜಾರಿತು. ಐದಕ್ಕೆ ಇಳಿಸಿದೆವು. ಕೊನೆಯವರೆಗೆ ನೋಡಿದ್ದಾರೆ, ಆದರೆ ಫೋನ್ ಬರುತ್ತಿಲ್ಲ ಅಂದರೆ ಕ್ಯಾಪ್ಶನ್‌ನ ಮೊದಲ ಸಾಲು ತಿದ್ದಿ. ಕೌಂಟರ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟು, ಬೈಂಬಳೆ ಕೇಳಿ ಬಂದವರನ್ನು 'ಎಲ್ಲಿ ನೋಡಿದ್ರಿ?' ಅಂತ ಕೇಳಿ ಬರೆದುಕೊಳ್ಳುವುದು ಇನ್ನೂ ಒಳ್ಳೆಯದು. ಲೈಕ್‌ಗೂ ಆ ಪುಸ್ತಕಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ವಿಡಿಯೋ ಒಮ್ಮೆ ಹಾಕಿದ ಮೇಲೆ ಅದರೊಳಗಿನ ಅಕ್ಷರ ಬದಲಿಸೋಕೆ ಬರುವುದಿಲ್ಲ. ಕ್ಯಾಪ್ಶನ್ ಬದಲಿಸಬಹುದು. ಅದಕ್ಕೇ ದಿನ, ಬೆಲೆ, ಹೊತ್ತು ಯಾವುದನ್ನೂ ವಿಡಿಯೋದ ಮೇಲೆ ಬರೆಯಬೇಡಿ, ಕ್ಯಾಪ್ಶನ್‌ನಲ್ಲೇ ಇರಲಿ. ಬೈಂಬಳೆ ಮುಗಿದ ದಿನ ನಮ್ಮ ಹೋಟೆಲ್‌ನವರು ಮೊದಲ ಸಾಲು ಅಳಿಸಿ ಹೀಗೆ ಬರೆದರು: 'ಈ ವರ್ಷದ ಬೈಂಬಳೆ ಮುಗಿಯಿತು. ಅಕ್ಕಿ ರೊಟ್ಟಿ, ಪಂದಿ ಕರಿ ದಿನಾ ಇದೆ.' ಆ ವಾರವೂ ಹಳೆಯ ವಿಡಿಯೋ ನೋಡಿಯೇ ಫೋನ್ ಬರುತ್ತಿತ್ತು.